ಜೀವಕೋಶದ ಶಕ್ತಿ ಕಾರ್ಖಾನೆ: ಲೈನ್ ಎಲ್ಲಿ ನಿಂತಿದೆ ಎಂದು ಪತ್ತೆಹಚ್ಚುವ ಕೈಪಿಡಿ

ರಕ್ತದ ಲ್ಯಾಕ್ಟೇಟ್ ಲೀಟರಿಗೆ 6 ಮಿಲಿಮೋಲ್ ಎಂದು ಲ್ಯಾಬಿನಿಂದ ರಿಪೋರ್ಟ್ ಬಂದಿದೆ. ಆರೋಗ್ಯವಾಗಿದ್ದು ಸುಮ್ಮನೆ ಕೂತವರಲ್ಲಿ ಇದು ಸಾಮಾನ್ಯವಾಗಿ 2ರ ಒಳಗೇ ಇರುತ್ತದೆ. ಗ್ಲುಕೋಸ್ ಒಡೆದು ಶಕ್ತಿ ತೆಗೆಯುವ ಸಾಲಿನಲ್ಲಿ ಎಲ್ಲೋ ಸರಕು ಕಟ್ಟಿಕೊಂಡಿದೆ ಎಂದು ಈ ಅಂಕಿ ಹೇಳುತ್ತದೆ. ಎಲ್ಲಿ ಕಟ್ಟಿಕೊಂಡಿದೆ ಎಂಬುದನ್ನು ಮಾತ್ರ ಹೇಳುವುದಿಲ್ಲ.

ಗ್ಲೈಕೊಲಿಸಿಸ್, ಕ್ರೆಬ್ಸ್ ಚಕ್ರ, ಎಲೆಕ್ಟ್ರಾನ್ ಸಾಗಣೆ ಸರಪಳಿ ಎಂದು ಹಂತಗಳನ್ನು ಸಾಲಾಗಿ ಒಪ್ಪಿಸುವ ವಿದ್ಯಾರ್ಥಿಗಳು ತುಂಬಾ ಜನ ಇದ್ದಾರೆ. ಕೊನೆಯ ಹಂತ ನಿಂತರೆ ಮೊದಲ ಹಂತಕ್ಕೆ ಏನಾಗುತ್ತದೆ ಎಂದು ಕೇಳಿದರೆ ಅವರಲ್ಲಿ ಹಲವರು ತಡವರಿಸುತ್ತಾರೆ. ಈ ಸಾಲನ್ನು ಒಂದು ಕಾರ್ಖಾನೆಯ ಲೈನ್ ಎಂದು ಕಣ್ಣಮುಂದೆ ತಂದುಕೊಂಡು, ದೋಷವನ್ನು ಹಿಂದಿನಿಂದ ಮುಂದಕ್ಕೆ ಹುಡುಕುತ್ತಾ ಹೋದರೆ ಹಂತಗಳು ಒಂದಕ್ಕೊಂದು ಹೇಗೆ ಕಟ್ಟಿಕೊಂಡಿವೆ ಎಂಬುದು ತಾನಾಗಿ ತಿಳಿಯುತ್ತದೆ. ಜೀವರಸಾಯನ ಓದುವವರನ್ನೂ ಲ್ಯಾಬಿನಲ್ಲಿ ಕೆಲಸ ಮಾಡುವವರನ್ನೂ ಮನಸ್ಸಿನಲ್ಲಿಟ್ಟು ಬರೆದಿದ್ದೇನೆ. ರೋಗಿಗೆ ಏನು ಕೊಡಬೇಕು ಎಂಬ ತೀರ್ಮಾನ ವೈದ್ಯರದ್ದು.

ಮೊದಲು ಲೈನಿನ ನಕ್ಷೆ

ಕಾರ್ಖಾನೆಗೆ ಮುಖ್ಯವಾಗಿ ನಾಲ್ಕು ಜಾಗಗಳಿವೆ. ಹೊರಗಿನ ಶೆಡ್ ಎಂದರೆ ಜೀವಕೋಶದ ದ್ರವಭಾಗ, ಸೈಟೊಸಾಲ್. ಅಲ್ಲಿ ಹತ್ತು ಯಂತ್ರಗಳು ಸಾಲಾಗಿ ನಿಂತು ಆರು ಇಂಗಾಲದ ಒಂದು ಗ್ಲುಕೋಸನ್ನು ಮೂರು ಇಂಗಾಲದ ಎರಡು ಪೈರುವೇಟ್ ಆಗಿ ಒಡೆಯುತ್ತವೆ. ಇದೇ ಗ್ಲೈಕೊಲಿಸಿಸ್. ಶುರುವಿನಲ್ಲಿ ಎರಡು ಎಟಿಪಿ, ಅಂದರೆ ಈ ಕಾರ್ಖಾನೆ ತಯಾರಿಸುವ ಶಕ್ತಿಯ ಅಣು, ಖರ್ಚಾಗಿ ಕೊನೆಯಲ್ಲಿ ನಾಲ್ಕು ಬರುವುದರಿಂದ ಕೈಗೆ ಉಳಿಯುವುದು ಎರಡು. ಎರಡನೆಯದು ಗೇಟು: ಪೈರುವೇಟ್ ಡಿಹೈಡ್ರಾಜಿನೇಸ್ ಎಂಬ ದೊಡ್ಡ ಕಿಣ್ವ ಸಮೂಹ. ಅದು ಮೈಟೊಕಾಂಡ್ರಿಯದ ಒಳಗಿದ್ದು ಪೈರುವೇಟ್‌ನಿಂದ ಒಂದು ಇಂಗಾಲವನ್ನು ಕಾರ್ಬನ್ ಡೈಆಕ್ಸೈಡ್ ಆಗಿ ಕಳಚಿ, ಉಳಿದದ್ದನ್ನು ಅಸಿಟೈಲ್ ಕೋಎ ರೂಪದಲ್ಲಿ ಮುಂದಕ್ಕೆ ಬಿಡುತ್ತದೆ. ಮೂರನೆಯದು ಎಂಟು ಯಂತ್ರಗಳು ಸುತ್ತುಗಟ್ಟಿ ನಿಂತ ಕ್ರೆಬ್ಸ್ ಚಕ್ರ. ನಾಲ್ಕನೆಯದು ಮೈಟೊಕಾಂಡ್ರಿಯದ ಒಳಪೊರೆಯಲ್ಲಿ ಹೂತಿರುವ ಎಲೆಕ್ಟ್ರಾನ್ ಸಾಗಣೆ ಸರಪಳಿ. ಎಟಿಪಿಯ ಬಹುಪಾಲು ತಯಾರಾಗುವುದು ಇಲ್ಲೇ. ಒಂದು ಗ್ಲುಕೋಸಿಗೆ ಒಟ್ಟು 30ರಿಂದ 32 ಎಟಿಪಿ ಎಂಬುದು ಈಗ ಒಪ್ಪಿತವಾಗಿರುವ ಲೆಕ್ಕ.

ಈ ನಕ್ಷೆಯಲ್ಲಿ ಹೆಚ್ಚು ಗಮನ ಕೊಡಬೇಕಾದದ್ದು ಯಂತ್ರಗಳಿಗಲ್ಲ, ಅವುಗಳ ನಡುವೆ ಓಡಾಡುವ ಟ್ರಾಲಿಗಳಿಗೆ. ಎನ್‌ಎಡಿ ಎಂಬ ಅಣುವೇ ಆ ಟ್ರಾಲಿ. ಖಾಲಿ ಟ್ರಾಲಿ ಎಲೆಕ್ಟ್ರಾನ್ ಹೇರಿಕೊಂಡಾಗ ಎನ್‌ಎಡಿಎಚ್ ಆಗುತ್ತದೆ. ಗ್ಲೈಕೊಲಿಸಿಸ್‌ನ ಆರನೇ ಯಂತ್ರಕ್ಕೂ, ಗೇಟಿಗೂ, ಚಕ್ರದ ಮೂರು ಯಂತ್ರಗಳಿಗೂ ಖಾಲಿ ಟ್ರಾಲಿ ಬೇಕೇ ಬೇಕು. ಟ್ರಾಲಿ ಹೊತ್ತು ತಂದದ್ದನ್ನು ಇಳಿಸಿಕೊಳ್ಳುವುದು ಸಾಗಣೆ ಸರಪಳಿಯ ಮೊದಲ ಘಟಕ, ಕಾಂಪ್ಲೆಕ್ಸ್ 1. ಜೀವಕೋಶದಲ್ಲಿ ಟ್ರಾಲಿಗಳ ಸಂಖ್ಯೆ ತೀರಾ ಸೀಮಿತ. ಹಾಗಾಗಿ ಇಳಿಸುವ ಕಟ್ಟೆಯಲ್ಲಿ ಕೆಲಸ ನಿಂತರೆ ಸ್ವಲ್ಪ ಹೊತ್ತಿನಲ್ಲೇ ಎಲ್ಲ ಟ್ರಾಲಿಗಳೂ ತುಂಬಿ ನಿಲ್ಲುತ್ತವೆ, ಹಿಂದಿನ ಯಂತ್ರಗಳಿಗೆ ಖಾಲಿ ಟ್ರಾಲಿ ಸಿಗುವುದಿಲ್ಲ. ಕೊನೆಯ ಹಂತದ ತೊಂದರೆ ಮೊದಲ ಹಂತವನ್ನು ಮುಟ್ಟುವುದು ಈ ದಾರಿಯಲ್ಲಿ. (ಹೊರಗಿನ ಶೆಡ್ಡಿನ ಟ್ರಾಲಿ ಒಳಪೊರೆಯನ್ನು ದಾಟುವುದಿಲ್ಲ. ಅದರ ಹೊರೆಯನ್ನಷ್ಟೇ ಮ್ಯಾಲೇಟ್-ಆಸ್ಪಾರ್ಟೇಟ್ ಶಟಲ್‌ನಂಥ ವ್ಯವಸ್ಥೆಗಳು ಒಳಗೆ ದಾಟಿಸುತ್ತವೆ.)

ಹೊರಗಿನ ಶೆಡ್ಡಿಗೆ ಒಂದು ತುರ್ತು ವ್ಯವಸ್ಥೆ ಇದೆ. ಒಳಗೆ ಹೊರೆ ಇಳಿಸಲು ಆಗದಿದ್ದಾಗ ಟ್ರಾಲಿಯು ಎಲೆಕ್ಟ್ರಾನ್‌ಗಳನ್ನು ಪೈರುವೇಟಿನ ಮೇಲೆಯೇ ಸುರಿದು ಖಾಲಿಯಾಗುತ್ತದೆ. ಹಾಗೆ ಸುರಿಸಿಕೊಂಡ ಪೈರುವೇಟೇ ಲ್ಯಾಕ್ಟೇಟ್. ಅದನ್ನು ತಪ್ಪಾಗಿ ತಯಾರಾದ ಕಸ ಎಂದುಕೊಳ್ಳಬಾರದು. ಲ್ಯಾಕ್ಟೇಟ್ ಆಗುವುದರಿಂದಲೇ ಹೊರಗಿನ ಶೆಡ್ ಎರಡೆರಡು ಎಟಿಪಿಯನ್ನಾದರೂ ತಯಾರಿಸುತ್ತಾ ಇರಲು ಸಾಧ್ಯ. ಮೈಟೊಕಾಂಡ್ರಿಯವೇ ಇಲ್ಲದ ಕೆಂಪು ರಕ್ತಕಣ ತನ್ನ ಆಯುಸ್ಸಿನುದ್ದಕ್ಕೂ ಬದುಕುವುದು ಈ ವ್ಯವಸ್ಥೆಯಿಂದ.

ಹುಡುಕುವ ಸೂತ್ರ

ಲೈನಿನಲ್ಲಿ ಅಡ್ಡಿ ಬಿದ್ದ ಜಾಗದ ಹಿಂದೆ ಸರಕು ರಾಶಿ ಬೀಳುತ್ತದೆ, ಮುಂದೆ ಖಾಲಿಯಾಗುತ್ತದೆ. ಬ್ರಿಟನ್ ಚಾನ್ಸ್ ಮತ್ತು ಜಿ. ಆರ್. ವಿಲಿಯಮ್ಸ್ 1950ರ ದಶಕದಲ್ಲಿ ಎಲೆಕ್ಟ್ರಾನ್ ಸಾಗಣೆ ಸರಪಳಿಯ ವಾಹಕಗಳ ಕ್ರಮವನ್ನು ಪರೀಕ್ಷಿಸಲು ಇದೇ ಸೂತ್ರವನ್ನು ಬಳಸಿದರು. ಸರಪಳಿಯನ್ನು ನಡುವೆ ತಡೆಯುವ ಆಂಟಿಮೈಸಿನ್ ಹಾಕಿದರೆ ಅಡ್ಡಿಯ ಹಿಂದಿನ ವಾಹಕಗಳು ಎಲೆಕ್ಟ್ರಾನ್ ತುಂಬಿಕೊಂಡು ನಿಲ್ಲುತ್ತವೆ, ಮುಂದಿನವು ಬರಿದಾಗುತ್ತವೆ. ಸೈಟೊಕ್ರೋಮ್‌ ಎಂಬ ವಾಹಕಗಳು ತುಂಬಿದಾಗ ಹೀರುವ ಬೆಳಕೇ ಬೇರೆ, ಬರಿದಾದಾಗ ಹೀರುವುದೇ ಬೇರೆ. ಆದ್ದರಿಂದ ಯಾವುದು ಯಾವ ಸ್ಥಿತಿಯಲ್ಲಿದೆ ಎಂದು ಸ್ಪೆಕ್ಟ್ರೋಫೋಟೊಮೀಟರಿನಲ್ಲಿ ನೇರವಾಗಿ ಓದಬಹುದು. ರಾಶಿ ಮುಗಿದು ಬರ ಶುರುವಾಗುವ ಗಡಿಯಲ್ಲೇ ದೋಷವಿದೆ.

ರೋಗಿಯ ರಕ್ತ ಪರೀಕ್ಷಿಸುವಾಗಲೂ, ಲ್ಯಾಬಿನ ಬೆಂಚಿನಲ್ಲಿ ಮೈಟೊಕಾಂಡ್ರಿಯ ಪರೀಕ್ಷಿಸುವಾಗಲೂ ನಾವು ಮಾಡುವುದು ಇದನ್ನೇ. ಜೊತೆಗೆ ಇನ್ನೊಂದು ಉಪಾಯ ಇದೆ: ಅಡ್ಡಿ ಇದೆ ಎಂದು ಅನುಮಾನ ಬಂದ ಜಾಗವನ್ನು ಬಿಟ್ಟು, ಅದರ ಮುಂದೆ ನೇರವಾಗಿ ಸರಕು ತಂದು ಸುರಿಯುವುದು. ಆಗ ಲೈನ್ ಓಡಿದರೆ ಮುಂದಿನದೆಲ್ಲ ಸರಿಯಿದೆ ಎಂದಾಯಿತು.

ರಿಪೋರ್ಟ್ ನಂಬುವ ಮೊದಲು

ಲ್ಯಾಕ್ಟೇಟ್ ಏರಿದ ಕೂಡಲೇ ಯಂತ್ರಗಳ ಮೇಲೆ ಅನುಮಾನ ಪಡುವ ಮುನ್ನ ಸ್ಯಾಂಪಲ್ ನೋಡಬೇಕು. ಎಷ್ಟೋ ಸುಳ್ಳು ದೋಷಗಳು ಹುಟ್ಟುವುದು ಸಿರಿಂಜ್ ಮತ್ತು ಟ್ಯೂಬಿನ ನಡುವೆ. ತೋಳಿಗೆ ಪಟ್ಟಿ ಬಿಗಿದು ಬಹಳ ಹೊತ್ತು ಬಿಟ್ಟರೆ, ಮುಷ್ಟಿ ಬಿಗಿಹಿಡಿದು ಬಿಚ್ಚಿ ಮಾಡಿಸಿದರೆ, ಮಗು ಕೈಕಾಲು ಬಡಿದು ಅತ್ತರೆ, ಆ ಸ್ನಾಯುಗಳೇ ಲ್ಯಾಕ್ಟೇಟ್ ಹೊರಬಿಡುತ್ತವೆ. ತೆಗೆದ ರಕ್ತ ಸಾದಾ ಟ್ಯೂಬಿನಲ್ಲಿ ಮೇಜಿನ ಮೇಲೆ ಕೂತರೆ ಕೆಂಪು ರಕ್ತಕಣಗಳು ತಮ್ಮ ಪಾಡಿಗೆ ಗ್ಲುಕೋಸ್ ಒಡೆಯುತ್ತಾ ಲ್ಯಾಕ್ಟೇಟ್ ಕೂಡಿಸುತ್ತಲೇ ಇರುತ್ತವೆ. ಅದಕ್ಕಾಗಿ ಬೂದು ಮುಚ್ಚಳದ ಫ್ಲೋರೈಡ್ ಟ್ಯೂಬಿಗೆ ತುಂಬಿ, ಐಸಿನಲ್ಲಿಟ್ಟು, ತಡಮಾಡದೆ ಲ್ಯಾಬಿಗೆ ಕಳಿಸಬೇಕು. ಫ್ಲೋರೈಡ್ ತಡೆಯುವುದು ಗ್ಲೈಕೊಲಿಸಿಸ್‌ನ ಒಂಬತ್ತನೇ ಯಂತ್ರವಾದ ಇನೊಲೇಸನ್ನು. ಲ್ಯಾಕ್ಟೇಟ್ ತಯಾರಾಗುವುದು ಅದರ ಆಚೆಗೆ, ಆದ್ದರಿಂದ ಲ್ಯಾಕ್ಟೇಟ್ ಬೇಗ ಸ್ಥಿರವಾಗುತ್ತದೆ. ಗ್ಲುಕೋಸ್ ಒಳಗೆ ಹೋಗುವ ಯಂತ್ರಗಳು ಇನೊಲೇಸಿನ ಹಿಂದಿರುವುದರಿಂದ ಅದೇ ಟ್ಯೂಬಿನಲ್ಲಿ ಗ್ಲುಕೋಸ್ ಇನ್ನೂ ಸ್ವಲ್ಪ ಹೊತ್ತು ಇಳಿಯುತ್ತಲೇ ಇರುತ್ತದೆ. ಒಂದೇ ಟ್ಯೂಬಿನ ಎರಡು ಅಂಕಿಗಳಲ್ಲಿ ಒಂದನ್ನು ಹೆಚ್ಚು, ಇನ್ನೊಂದನ್ನು ಕಡಿಮೆ ನಂಬಬೇಕಾದದ್ದು ಇದರಿಂದ.

ಸ್ಯಾಂಪಲ್ ಸರಿಯಿದ್ದರೂ ಮುಂದಿನ ಪ್ರಶ್ನೆ ಕಾರ್ಖಾನೆಯ ಹೊರಗಿನದು. ಆಸ್ಪತ್ರೆಯಲ್ಲಿ ಲ್ಯಾಕ್ಟೇಟ್ ಏರಲು ಬಲು ಸಾಮಾನ್ಯ ಕಾರಣ ರಕ್ತದೊತ್ತಡ ಕುಸಿದು ಅಂಗಾಂಗಗಳಿಗೆ ರಕ್ತ ಸಾಲದೆ ಹೋಗುವುದು, ತೀವ್ರ ಸೋಂಕು, ಇಲ್ಲವೇ ಲ್ಯಾಕ್ಟೇಟನ್ನು ಹೀರಿ ಮತ್ತೆ ಗ್ಲುಕೋಸ್ ಮಾಡಬೇಕಾದ ಯಕೃತ್ತು ಸೋತಿರುವುದು. ಇವನ್ನೆಲ್ಲ ನೋಡಿಯಾದ ಮೇಲೂ ಕಾರಣ ಸಿಗದಿದ್ದರೆ ಲೈನಿನೊಳಗೆ ಇಳಿಯಬೇಕು.

ಗೇಟಿನಲ್ಲೋ, ಇಳಿಸುವ ಕಟ್ಟೆಯಲ್ಲೋ?

ಈಗ ಲ್ಯಾಕ್ಟೇಟ್ ಒಂದೇ ಸಾಲದು, ಪೈರುವೇಟ್ ಕೂಡ ಅಳೆಯಬೇಕು. ಇಬ್ಬರು ರೋಗಿಗಳ ಉದಾಹರಣೆ ತೆಗೆದುಕೊಳ್ಳೋಣ (ಅಂಕಿಗಳು ವಿವರಣೆಗಾಗಿ ನಾನು ಆರಿಸಿದವು). ಇಬ್ಬರಲ್ಲೂ ಲ್ಯಾಕ್ಟೇಟ್ 6. ಮೊದಲನೆಯವರಲ್ಲಿ ಪೈರುವೇಟ್ 0.40. ಆರನ್ನು ಅದರಿಂದ ಭಾಗಿಸಿದರೆ 15. ಎರಡನೆಯವರಲ್ಲಿ ಪೈರುವೇಟ್ 0.15, ಭಾಗಿಸಿದರೆ 40. ಆರೋಗ್ಯವಂತರಲ್ಲಿ ಈ ಅನುಪಾತ ಸುಮಾರು 20ರ ಒಳಗಿರುತ್ತದೆ.

ಲ್ಯಾಕ್ಟೇಟ್ ಡಿಹೈಡ್ರಾಜಿನೇಸ್ ಎಂಬ ಕಿಣ್ವ ಪೈರುವೇಟ್, ಲ್ಯಾಕ್ಟೇಟ್ ಎರಡನ್ನೂ ಸದಾ ಸಮತೋಲದ ಹತ್ತಿರ ಇಟ್ಟಿರುತ್ತದೆ. ಆ ಸಮತೋಲ ಯಾವ ಕಡೆ ವಾಲುತ್ತದೆ ಎಂಬುದನ್ನು ತೀರ್ಮಾನಿಸುವುದು ತುಂಬಿದ ಟ್ರಾಲಿ ಎಷ್ಟು, ಖಾಲಿ ಟ್ರಾಲಿ ಎಷ್ಟು ಎಂಬ ಲೆಕ್ಕ. ಆದ್ದರಿಂದ ಲ್ಯಾಕ್ಟೇಟ್-ಪೈರುವೇಟ್ ಅನುಪಾತ ಎಂದರೆ, ನಾವು ನೇರವಾಗಿ ಕಾಣಲಾಗದ ಟ್ರಾಲಿಗಳ ಸ್ಥಿತಿಯನ್ನು ರಕ್ತದಲ್ಲಿ ಓದುವ ದಾರಿ.

ಮೊದಲ ರೋಗಿಯಲ್ಲಿ ಗೇಟು ಮುಚ್ಚಿದೆ. ಪೈರುವೇಟ್ ಒಳಗೆ ಹೋಗಲಾರದೆ ಹೊರಗೆ ರಾಶಿ ಬಿದ್ದಿದೆ. ಸಾಗಣೆ ಸರಪಳಿ ಮಾತ್ರ ಆರೋಗ್ಯವಾಗಿದೆ, ತಂದ ಹೊರೆಯನ್ನು ಇಳಿಸಿಕೊಳ್ಳುತ್ತಿದೆ, ಟ್ರಾಲಿಗಳು ಎಂದಿನಂತೆ ಖಾಲಿಯಾಗಿ ಮರಳುತ್ತಿವೆ. ಹಾಗಾಗಿ ಪೈರುವೇಟ್ ಏರಿದ ಪ್ರಮಾಣಕ್ಕೆ ತಕ್ಕಂತೆ ಲ್ಯಾಕ್ಟೇಟೂ ಏರಿ ಅನುಪಾತ ಮಾಮೂಲಿನಲ್ಲೇ ಉಳಿದಿದೆ. ಎರಡನೆಯವರಲ್ಲಿ ಗೇಟು ತೆರೆದಿದ್ದರೂ ಇಳಿಸುವ ಕಟ್ಟೆ ನಿಂತಿದೆ. ಟ್ರಾಲಿಗಳು ತುಂಬಿ ಕೂತಿವೆ. ಸಿಕ್ಕ ಪೈರುವೇಟಿನ ಮೇಲೆಲ್ಲ ಅವು ಹೊರೆ ಸುರಿಯುವುದರಿಂದ ಪೈರುವೇಟ್ ಅಷ್ಟಾಗಿ ಏರದೆ ಲ್ಯಾಕ್ಟೇಟ್ ಮಾತ್ರ ಏರಿದೆ. ಅನುಪಾತ 25-30 ಮೀರಿದಾಗ ಅನುಮಾನ ಸಾಗಣೆ ಸರಪಳಿಯ ಕಡೆ ತಿರುಗಬೇಕು, ಇಲ್ಲವೇ ಆಕ್ಸಿಜನ್ ಪೂರೈಕೆಯ ಕಡೆ.

ಇಲ್ಲೊಂದು ಬಲೆ ಇದೆ. ತೆಗೆದ ರಕ್ತದಲ್ಲಿ ಪೈರುವೇಟ್ ಬಹಳ ಬೇಗ ಇಳಿದುಹೋಗುತ್ತದೆ. ಅದನ್ನು ಸರಿಯಾಗಿ ಅಳೆಯಬೇಕಾದರೆ ರಕ್ತವನ್ನು ರೋಗಿಯ ಪಕ್ಕದಲ್ಲೇ ತಣ್ಣನೆಯ ಪರ್‌ಕ್ಲೋರಿಕ್ ಆಮ್ಲಕ್ಕೆ ಬೆರೆಸಿ ಪ್ರೋಟೀನ್‌ಗಳನ್ನು ಅಲ್ಲೇ ಕೆಡಿಸಿಬಿಡಬೇಕು. ಹಾಗೆ ಮಾಡದೆ ಅರ್ಧ ಗಂಟೆ ತಡವಾದರೆ ಛೇದ ಕುಗ್ಗಿ, 15 ಇದ್ದ ಅನುಪಾತ 40ರಂತೆ ಕಾಣಬಹುದು. ಗೇಟಿನ ದೋಷ ಸರಪಳಿಯ ತಲೆಗೆ ಬೀಳುತ್ತದೆ. ಲ್ಯಾಕ್ಟೇಟ್ ಮಾಮೂಲಿ ಮಟ್ಟದಲ್ಲಿರುವಾಗ ಈ ಅನುಪಾತಕ್ಕೆ ಬೆಲೆಯೇ ಇಲ್ಲ. ಎರಡು ಸಣ್ಣ ಅಂಕಿಗಳ ಭಾಗಾಕಾರದಲ್ಲಿ ಅಳತೆಯ ತಪ್ಪೇ ದೊಡ್ಡದಾಗಿ ನಿಲ್ಲುತ್ತದೆ.

ಗೇಟಿನ ಕೀಲಿಗಳು

ಗೇಟಿನ ಕಿಣ್ವಕ್ಕೆ ಐದು ಸಹಾಯಕ ಅಣುಗಳು ಬೇಕು. ಅವುಗಳಲ್ಲಿ ಮೊದಲು ಕೈಕೊಡುವುದು ಥಯಾಮಿನ್, ಅಂದರೆ ಬಿ1 ವಿಟಮಿನ್. ದೇಹದಲ್ಲಿ ಅದರ ದಾಸ್ತಾನು ಕೆಲವೇ ವಾರಗಳಿಗೆ ಸಾಲುವಷ್ಟು. ಕ್ರೆಬ್ಸ್ ಚಕ್ರದಲ್ಲಿ ಆಲ್ಫಾ ಕೀಟೊಗ್ಲುಟರೇಟನ್ನು ಮುಂದೂಡುವ ಯಂತ್ರಕ್ಕೂ ಇದೇ ಥಯಾಮಿನ್ ಬೇಕಾದ್ದರಿಂದ ಕೊರತೆ ಬಿದ್ದಾಗ ಲೈನ್ ಎರಡು ಕಡೆ ನಿಲ್ಲುತ್ತದೆ.

ನಮ್ಮ ನಾಡಿನ ಮನೆಗಳಿಗೆ ತೀರಾ ಹತ್ತಿರದ ವಿಷಯ ಇದು. ಪಾಲಿಶ್ ಮಾಡಿದ ಅಕ್ಕಿಯಲ್ಲಿ ತೌಡಿನ ಜೊತೆ ಥಯಾಮಿನ್ ಹೋಗಿರುತ್ತದೆ. ಉಳಿದದ್ದರಲ್ಲೂ ಒಂದಷ್ಟು ಅಕ್ಕಿ ತೊಳೆದ ನೀರಿನಲ್ಲಿ, ಬಸಿದ ಗಂಜಿಯಲ್ಲಿ ಹೊರಟುಹೋಗುತ್ತದೆ. ಪಥ್ಯದ ಹೆಸರಿನಲ್ಲಿ ಬಾಣಂತಿಗೆ ಕಾಳು, ತರಕಾರಿ ಬಿಡಿಸಿ ಅನ್ನ-ತಿಳಿಸಾರು ಮಾತ್ರ ಕೊಟ್ಟರೆ ಅವಳ ಎದೆಹಾಲಿನಲ್ಲೂ ಥಯಾಮಿನ್ ಕಡಿಮೆಯಾಗುತ್ತದೆ. ಎದೆಹಾಲು ಬಿಟ್ಟು ಬೇರೇನೂ ಕುಡಿಯದ, ಕೆಲವೇ ತಿಂಗಳ ಕೂಸು ಇದ್ದಕ್ಕಿದ್ದಂತೆ ಹಾಲು ಬಿಟ್ಟು, ಏದುಸಿರು ಬಿಡುತ್ತಾ, ಹೃದಯದ ಬಲಭಾಗ ಹಿಗ್ಗಿದ ಸ್ಥಿತಿಯಲ್ಲಿ ಆಸ್ಪತ್ರೆಗೆ ಬರುತ್ತದೆ. ರಕ್ತದಲ್ಲಿ ಲ್ಯಾಕ್ಟೇಟ್ ಏರಿರುತ್ತದೆ. ಥಯಾಮಿನ್ ಇಂಜೆಕ್ಷನ್ ಕೊಟ್ಟ ಮೇಲೆ ಇಂಥ ಶಿಶುಗಳು ಬೇಗನೆ ಚೇತರಿಸಿಕೊಂಡದ್ದನ್ನು ಕರ್ನಾಟಕದ ಮಕ್ಕಳ ಹೃದ್ರೋಗ ತಜ್ಞರೂ ದಾಖಲಿಸಿದ್ದಾರೆ. ಇಲ್ಲಿ ಚಿಕಿತ್ಸೆಯೇ ಪರೀಕ್ಷೆಯೂ ಆಗುತ್ತದೆ: ಕೀಲಿ ಕೊಟ್ಟೊಡನೆ ಗೇಟು ತೆರೆದರೆ ಗೇಟಿನ ಯಂತ್ರ ಮುರಿದಿರಲಿಲ್ಲ, ಕೀಲಿ ಇರಲಿಲ್ಲ ಅಷ್ಟೇ. ಚಿಕಿತ್ಸೆಗೆ ಮೊದಲೇ ರಕ್ತ ತೆಗೆದಿಟ್ಟಿದ್ದರೆ ಇನ್ನೂ ಖಚಿತವಾಗಿ ಹೇಳಬಹುದು. ಕೆಂಪು ರಕ್ತಕಣದಲ್ಲಿ ಥಯಾಮಿನ್ ಬೇಡುವ ಇನ್ನೊಂದು ಕಿಣ್ವ ಇದೆ, ಟ್ರಾನ್ಸ್‌ಕೀಟೊಲೇಸ್. ಟ್ಯೂಬಿನಲ್ಲಿ ಥಯಾಮಿನ್ ಪೈರೋಫಾಸ್ಫೇಟ್ ಸೇರಿಸಿದಾಗ ಆ ಕಿಣ್ವದ ವೇಗ ಏರಿದರೆ ಅದು ಹಸಿದಿತ್ತು ಎಂದರ್ಥ.

ಥಯಾಮಿನ್ ಕೊರತೆಯ ಅನುಮಾನ ಇರುವವರಿಗೆ ಬರೀ ಗ್ಲುಕೋಸ್ ಡ್ರಿಪ್ ಹಚ್ಚಬಾರದು ಎಂಬ ಎಚ್ಚರಿಕೆಯ ಕಾರಣವೂ ಈ ನಕ್ಷೆಯಲ್ಲೇ ಇದೆ. ಗೇಟು ಮುಚ್ಚಿರುವಾಗ ಹಿಂದಿನಿಂದ ಇನ್ನಷ್ಟು ಸರಕು ತಳ್ಳಿದರೆ ರಾಶಿ ಬೆಳೆಯುತ್ತದೆ, ಲ್ಯಾಕ್ಟೇಟ್ ಮತ್ತೂ ಏರುತ್ತದೆ, ಉಳಿದಿದ್ದ ಅಲ್ಪ ಥಯಾಮಿನ್ ಕೂಡ ಖರ್ಚಾಗುತ್ತದೆ. ಗೇಟಿನ ಕಿಣ್ವವೇ ಹುಟ್ಟಿನಿಂದ ಊನವಾಗಿರುವ ಮಕ್ಕಳಿಗೆ ಕೊಬ್ಬು ಹೆಚ್ಚಿರುವ ಕೀಟೊಜೆನಿಕ್ ಆಹಾರ ಕೊಡುವುದೂ ಇದೇ ತರ್ಕದಿಂದ. ಕೊಬ್ಬು ಅಸಿಟೈಲ್ ಕೋಎ ಆಗಿ ಗೇಟಿನ ಆಚೆಗೆ ನೇರವಾಗಿ ಸೇರುತ್ತದೆ. ಲೈನಿನ ಮುಂದಿನ ಭಾಗ ಅದರ ಮೇಲೆ ಓಡುತ್ತದೆ.

ಕ್ರೆಬ್ಸ್ ಚಕ್ರದೊಳಗಿನ ದೋಷಗಳು ಅಪರೂಪ, ಅವನ್ನು ಗುರುತಿಸುವುದು ಮೂತ್ರದಲ್ಲಿ ಹೊರಬೀಳುವ ಸಾವಯವ ಆಮ್ಲಗಳಿಂದ. ಫ್ಯುಮರೇಟ್ ರಾಶಿ ಬಿದ್ದಿದ್ದರೆ ಅದನ್ನು ಮುಂದೂಡುವ ಫ್ಯುಮರೇಸ್ ಸೋತಿದೆ. ಸೂತ್ರ ಅದೇ ಆದ್ದರಿಂದ ಇಲ್ಲಿ ಹೆಚ್ಚು ನಿಲ್ಲದೆ ಸರಪಳಿಗೆ ಹೋಗೋಣ.

ಸರಪಳಿಯಲ್ಲಿ ಯಾವ ಕೊಂಡಿ?

ಅನುಪಾತ ಸರಪಳಿಯ ಕಡೆ ಬೆರಳು ತೋರಿಸಿದರೆ ರಕ್ತ ಪರೀಕ್ಷೆಯಿಂದ ಮುಂದೆ ಹೋಗಲಾಗದು. ಸ್ನಾಯುವಿನ ಚೂರು ತೆಗೆದು, ಅದರಿಂದ ಮೈಟೊಕಾಂಡ್ರಿಯ ಬೇರ್ಪಡಿಸಿ, ಆಕ್ಸಿಜನ್ ಎಲೆಕ್ಟ್ರೋಡ್ ಇರುವ ಪುಟ್ಟ ಕೋಣೆಯಲ್ಲಿ ಹಾಕಬೇಕು. ಲೆಲ್ಯಾಂಡ್ ಕ್ಲಾರ್ಕ್ 1950ರ ದಶಕದಲ್ಲಿ ರೂಪಿಸಿದ ಎಲೆಕ್ಟ್ರೋಡ್ ಇದು. 25 ಡಿಗ್ರಿಯಲ್ಲಿ ಗಾಳಿಯೊಡನೆ ಬೆರೆತ ಒಂದು ಮಿಲಿಲೀಟರ್ ದ್ರವದಲ್ಲಿ ಸುಮಾರು 250 ನ್ಯಾನೊಮೋಲ್ ಆಕ್ಸಿಜನ್ ಇರುತ್ತದೆ. ಅದು ಎಷ್ಟು ವೇಗವಾಗಿ ಕಡಿಮೆಯಾಗುತ್ತಾ ಹೋಗುತ್ತದೆ ಎಂಬ ಗೆರೆಯೇ ನಮಗೆ ಸಿಗುವ ಸಾಕ್ಷ್ಯ.

ಸರಪಳಿಯ ದಾರಿ ಹೀಗಿದೆ. ಎನ್‌ಎಡಿಎಚ್ ತಂದ ಎಲೆಕ್ಟ್ರಾನ್ ಕಾಂಪ್ಲೆಕ್ಸ್ 1ರಲ್ಲಿ ಇಳಿಯುತ್ತದೆ. ಕ್ರೆಬ್ಸ್ ಚಕ್ರದ ಸಕ್ಸಿನೇಟ್ ಕೊಡುವ ಎಲೆಕ್ಟ್ರಾನ್ ಕಾಂಪ್ಲೆಕ್ಸ್ 2ರಲ್ಲಿ. ಎರಡೂ ದಾರಿಗಳು ಕೂಡುವುದು ಯುಬಿಕ್ವಿನೋನ್ ಎಂಬ ವಾಹಕದಲ್ಲಿ. ಅಲ್ಲಿಂದ ಕಾಂಪ್ಲೆಕ್ಸ್ 3, ಸೈಟೊಕ್ರೋಮ್ ಸಿ, ಕಾಂಪ್ಲೆಕ್ಸ್ 4, ಕೊನೆಗೆ ಆಕ್ಸಿಜನ್. ಕಾಂಪ್ಲೆಕ್ಸ್ 1, 3, 4 ಪ್ರೋಟಾನ್‌ಗಳನ್ನು ಪೊರೆಯಾಚೆ ಪಂಪ್ ಮಾಡುತ್ತವೆ, 2 ಮಾಡುವುದಿಲ್ಲ. ಆಚೆ ಒತ್ತಿದ ಪ್ರೋಟಾನ್‌ಗಳು ಎಟಿಪಿ ಸಿಂಥೇಸ್ ಎಂಬ ಟರ್ಬೈನಿನ ಮೂಲಕ ಮರಳುವಾಗ ಎಡಿಪಿ ಎಟಿಪಿಯಾಗುತ್ತದೆ. ಎಲೆಕ್ಟ್ರಾನ್ ಹರಿವಿಗೂ ಎಟಿಪಿ ತಯಾರಿಗೂ ನಡುವಿನ ನಂಟು ಈ ಪ್ರೋಟಾನ್ ಒತ್ತಡ ಎಂದು ಪೀಟರ್ ಮಿಚೆಲ್ 1961ರಲ್ಲಿ ಮಂಡಿಸಿದರು.

ಈಗ ಒಂದು ಸ್ಯಾಂಪಲನ್ನು ಹಂತಹಂತವಾಗಿ ನೋಡೋಣ. ಇಲ್ಲೂ ಅಂಕಿಗಳು ವಿವರಣೆಗಷ್ಟೇ. ಒಂದು ಮಿಲಿಗ್ರಾಂ ಪ್ರೋಟೀನಿಗೆ ನಿಮಿಷಕ್ಕೆ ಎಷ್ಟು ನ್ಯಾನೊಮೋಲ್ ಆಕ್ಸಿಜನ್ ಖರ್ಚಾಯಿತು ಎಂಬುದು ಲೆಕ್ಕ. ಅದೇ ದಿನ ಅದೇ ರೀತಿ ತಯಾರಿಸಿದ ಆರೋಗ್ಯವಂತರ ಸ್ಯಾಂಪಲ್ ಪಕ್ಕದಲ್ಲಿರಲೇಬೇಕು.

ಮೊದಲು ಗ್ಲುಟಮೇಟ್ ಮತ್ತು ಮ್ಯಾಲೇಟ್ ಹಾಕಿ ಎಡಿಪಿ ಸೇರಿಸುತ್ತೇವೆ. ಇವು ಒಳಗೆ ಟ್ರಾಲಿ ತುಂಬಿಸುವ ಸರಕು, ಆದ್ದರಿಂದ ಎಲೆಕ್ಟ್ರಾನ್ ಕಾಂಪ್ಲೆಕ್ಸ್ 1ರಿಂದಲೇ ಹೊರಡಬೇಕು. ಆರೋಗ್ಯವಂತರಲ್ಲಿ 80 ಬಂತು, ರೋಗಿಯಲ್ಲಿ 15. ಆಮೇಲೆ ರೋಟೆನೋನ್ ಹಾಕಿ ಕಾಂಪ್ಲೆಕ್ಸ್ 1ನ್ನು ನಾವೇ ಮುಚ್ಚಿ, ಸಕ್ಸಿನೇಟ್ ಸುರಿಯುತ್ತೇವೆ. ಎಲೆಕ್ಟ್ರಾನ್ ಈಗ ಕಾಂಪ್ಲೆಕ್ಸ್ 2ರಿಂದ ಬರುತ್ತದೆ. ಆರೋಗ್ಯವಂತರಲ್ಲಿ 110, ರೋಗಿಯಲ್ಲಿ 105. ಅಂದರೆ ಯುಬಿಕ್ವಿನೋನಿನಿಂದ ಆಕ್ಸಿಜನ್‌ವರೆಗಿನ ದಾರಿಯೂ ಸರಿ, ಟರ್ಬೈನೂ ಸರಿ. ಅಡ್ಡಿ ಅದಕ್ಕೂ ಹಿಂದಿದೆ.

ಇಷ್ಟಕ್ಕೇ ಕಾಂಪ್ಲೆಕ್ಸ್ 1 ಕೆಟ್ಟಿದೆ ಎಂದು ಬರೆದುಕೊಡುವುದು ಅವಸರ. ಟ್ರಾಲಿಯೇ ತುಂಬುತ್ತಿಲ್ಲದಿರಬಹುದು. ಗ್ಲುಟಮೇಟ್ ಒಳಗೆ ಬರುವ ಬಾಗಿಲು ಕೆಟ್ಟಿರಬಹುದು. ಅದಕ್ಕೆ ಪೈರುವೇಟ್ ಮತ್ತು ಮ್ಯಾಲೇಟ್ ಹಾಕಿ ಇನ್ನೊಮ್ಮೆ ಓಡಿಸಬೇಕು. ಬೇರೆ ಬಾಗಿಲಿನಿಂದ ಬಂದ ಈ ಸರಕಿನಲ್ಲೂ ವೇಗ ಅಷ್ಟೇ ಕಡಿಮೆ ಇದ್ದರೆ ಕಾಂಪ್ಲೆಕ್ಸ್ 1ರ ಮೇಲಿನ ಅನುಮಾನ ಗಟ್ಟಿಯಾಗುತ್ತದೆ. ಪೈರುವೇಟ್‌ನಲ್ಲಿ ಮಾತ್ರ ಕಡಿಮೆ, ಗ್ಲುಟಮೇಟ್‌ನಲ್ಲಿ ಸರಿ ಎಂದಾದರೆ ನಾವು ಮತ್ತೆ ಗೇಟಿಗೇ ಬಂದು ನಿಂತಿದ್ದೇವೆ.

ಸಕ್ಸಿನೇಟ್‌ನಲ್ಲೂ ವೇಗ ಬಾರದಿದ್ದರೆ ಇನ್ನೂ ಮುಂದೆ ಹೋಗಿ ಆಸ್ಕಾರ್ಬೇಟ್ ಮತ್ತು ಟಿಎಂಪಿಡಿ ಹಾಕುತ್ತೇವೆ. ಈ ಜೋಡಿ ಎಲೆಕ್ಟ್ರಾನನ್ನು ನೇರವಾಗಿ ಸೈಟೊಕ್ರೋಮ್ ಸಿ ಕೈಗೆ ಕೊಡುತ್ತದೆ. ಆಗ ಲೈನ್ ಓಡಿದರೆ ದೋಷ ಕಾಂಪ್ಲೆಕ್ಸ್ 3ರ ಆಸುಪಾಸಿನಲ್ಲಿದೆ. ಓಡದಿದ್ದರೆ ಕಾಂಪ್ಲೆಕ್ಸ್ 4ರ ಕಡೆ ನೋಡಬೇಕು. ಟಿಎಂಪಿಡಿ ತಾನಾಗಿಯೇ ಒಂದಷ್ಟು ಆಕ್ಸಿಜನ್ ತಿನ್ನುವ ಗುಣದ್ದು. ಕೊನೆಯಲ್ಲಿ ಸಯನೈಡ್ ಅಥವಾ ಅಜೈಡ್ ಹಾಕಿ ಕಾಂಪ್ಲೆಕ್ಸ್ 4 ಮುಚ್ಚಿದ ಮೇಲೂ ಉಳಿಯುವ ವೇಗವನ್ನು ಕಳೆಯದಿದ್ದರೆ, ಸತ್ತ ಕಾಂಪ್ಲೆಕ್ಸ್ 4 ಬದುಕಿರುವಂತೆ ತೋರುತ್ತದೆ.

ಹೊಲಮನೆಗಳಲ್ಲಿ ಕಾಳು ಕೆಡದಂತೆ ಇಡುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆ ತೇವ ತಗುಲಿದಾಗ ಬಿಡುವ ಫಾಸ್ಫೀನ್ ಅನಿಲವೂ ಸಯನೈಡಿನಂತೆ ಕಾಂಪ್ಲೆಕ್ಸ್ 4ಕ್ಕೇ ಪೆಟ್ಟು ಕೊಡುತ್ತದೆ. ಇಂಥ ವಿಷದಲ್ಲಿ ಶ್ವಾಸಕೋಶ ಆಕ್ಸಿಜನ್ ತೆಗೆದುಕೊಂಡರೂ ಜೀವಕೋಶ ಅದನ್ನು ಬಳಸಲಾರದು. ಸಯನೈಡ್ ವಿಷದಲ್ಲಿ ಅಭಿಧಮನಿಯ ರಕ್ತ ಕೂಡ ಕೆಂಪಗೆ ಉಳಿಯುವುದು ಅದರಲ್ಲಿ ಆಕ್ಸಿಜನ್ ಖರ್ಚಾಗದೆ ಹಿಂದಿರುಗುವುದರಿಂದ.

ಟರ್ಬೈನ್ ಕಟ್ಟಿಕೊಂಡಾಗ

ಎಲ್ಲ ಸರಕಿನಲ್ಲೂ ವೇಗ ಕಡಿಮೆ ಎಂದಾಗ ಸರಪಳಿಯನ್ನೇ ದೂರುವ ಮೊದಲು ಇನ್ನೊಂದು ಸಾಧ್ಯತೆ ನೋಡಬೇಕು. ಟರ್ಬೈನ್ ನಿಂತಿದ್ದರೆ ಪ್ರೋಟಾನ್‌ಗಳಿಗೆ ಮರಳುವ ದಾರಿ ಇಲ್ಲ. ಆಚೆ ಒತ್ತಡ ತುಂಬಿ, ಆ ಒತ್ತಡದ ಎದುರು ಪಂಪ್ ಮಾಡಲಾಗದೆ ಆರೋಗ್ಯವಂತ ಸರಪಳಿಯೂ ನಿಧಾನವಾಗುತ್ತದೆ. ಆಗ ಎಫ್‌ಸಿಸಿಪಿ ಎಂಬ ರಾಸಾಯನಿಕವನ್ನು ಹನಿಹನಿಯಾಗಿ ಹಾಕಬೇಕು. ಅದು ಪ್ರೋಟಾನನ್ನು ಹೊತ್ತು ಪೊರೆಯ ಮೂಲಕವೇ ದಾಟಿಸಿ ಒತ್ತಡ ಇಳಿಸುತ್ತದೆ. ಆಕ್ಸಿಜನ್ ಗೆರೆ ತಕ್ಷಣ ಕಡಿದಾಗಿ ಇಳಿದರೆ ಸರಪಳಿ ಗಟ್ಟಿಯಿದೆ, ಕೆಟ್ಟಿರುವುದು ಟರ್ಬೈನ್ ಅಥವಾ ಎಡಿಪಿಯನ್ನು ಒಳತರುವ ವಾಹಕ. ಏನೂ ಬದಲಾಗದಿದ್ದರೆ ಅಡ್ಡಿ ಸರಪಳಿಯಲ್ಲೇ. ಎಫ್‌ಸಿಸಿಪಿ ಹೆಚ್ಚಾದರೆ ಸರಪಳಿಯನ್ನೇ ತಡೆಯುತ್ತದೆ, ಹನಿಹನಿ ಎಂದದ್ದು ಅದಕ್ಕೆ.

ಲೈನ್ ಜೋರಾಗಿ ಓಡುತ್ತಿದೆ, ಮಾಲು ಮಾತ್ರ ಬರುತ್ತಿಲ್ಲ

ಇದುವರೆಗಿನ ದೋಷಗಳೆಲ್ಲ ಲೈನನ್ನು ನಿಲ್ಲಿಸುವಂಥವು. ನಿಲ್ಲಿಸದೆ ಕೆಡಿಸುವ ದೋಷ ಒಂದಿದೆ, ಮತ್ತು ಮೈಟೊಕಾಂಡ್ರಿಯ ಕಾಯಿಲೆ ಎಂಬುದು ವೈದ್ಯಶಾಸ್ತ್ರಕ್ಕೆ ಮೊದಲು ಪರಿಚಯವಾದದ್ದೇ ಅದರಿಂದ.

ಸ್ವೀಡನ್ನಿನಲ್ಲಿ ರಾಲ್ಫ್ ಲುಫ್ಟ್ ಎಂಬ ವೈದ್ಯರ ಬಳಿ ಮೂವತ್ತೈದರ ಹರೆಯದ ಮಹಿಳೆಯೊಬ್ಬರು ಬಂದಿದ್ದರು. ಬಾಲ್ಯದಿಂದಲೂ ವಿಪರೀತ ಬೆವರು, ತಣಿಯದ ಹಸಿವು, ಬಾಯಾರಿಕೆ. ಎಷ್ಟು ಉಂಡರೂ ಮೈ ಹತ್ತುತ್ತಿರಲಿಲ್ಲ, ನಿತ್ರಾಣ ಬೇರೆ. ವಿಶ್ರಾಂತಿಯಲ್ಲಿ ದೇಹ ಶಕ್ತಿ ಉರಿಸುವ ದರ ಇರಬೇಕಾದದ್ದಕ್ಕಿಂತ ಹೆಚ್ಚೂಕಡಿಮೆ ಇಮ್ಮಡಿ. ಲಕ್ಷಣಗಳೆಲ್ಲ ಥೈರಾಯ್ಡ್ ಅತಿಯಾದಂತೆ ಇದ್ದವು. ಥೈರಾಯ್ಡಿಗೆ ಶಸ್ತ್ರಚಿಕಿತ್ಸೆ ಆಗಿಯೂ ಗುಣ ಕಾಣಲಿಲ್ಲ. ಆಗ ಅವರ ಸ್ನಾಯುವಿನ ಮೈಟೊಕಾಂಡ್ರಿಯವನ್ನೇ ಬೇರ್ಪಡಿಸಿ ಲುಫ್ಟ್, ಲಾರ್ಸ್ ಎರ್ನ್‌ಸ್ಟರ್ ಮತ್ತು ಸಂಗಡಿಗರು ಪರೀಕ್ಷಿಸಿದರು. 1962ರಲ್ಲಿ ವರದಿ ಪ್ರಕಟವಾಯಿತು.

ಅವರು ಕಂಡದ್ದನ್ನು ಅರ್ಥಮಾಡಿಕೊಳ್ಳಲು ಆರೋಗ್ಯವಂತ ಮೈಟೊಕಾಂಡ್ರಿಯ ಹೇಗೆ ನಡೆದುಕೊಳ್ಳುತ್ತದೆ ಎಂದು ಮೊದಲು ನೋಡಬೇಕು. ಸರಕು ಇದ್ದು ಎಡಿಪಿ ಇಲ್ಲದಿದ್ದರೆ ಅದು ಮೆಲ್ಲಗೆ ಉಸಿರಾಡುತ್ತದೆ. 200 ನ್ಯಾನೊಮೋಲ್ ಎಡಿಪಿ ಹಾಕಿದೊಡನೆ ಗೆರೆ ಕಡಿದಾಗುತ್ತದೆ, ಸುಮಾರು 40 ನ್ಯಾನೊಮೋಲ್ ಆಕ್ಸಿಜನ್ ಖರ್ಚಾಗುತ್ತಲೇ ಎಡಿಪಿ ತೀರಿ ಗೆರೆ ಮತ್ತೆ ಮಲಗುತ್ತದೆ. ಒಂದು ಆಕ್ಸಿಜನ್ ಅಣುವಿನಲ್ಲಿ ಎರಡು ಪರಮಾಣು, ಅಂದರೆ 80 ಪರಮಾಣು ಲೆಕ್ಕಕ್ಕೆ 200 ಎಟಿಪಿ, ಒಂದಕ್ಕೆ 2.5. ಸಕ್ಸಿನೇಟಿನಲ್ಲಾದರೆ ಒಂದು ಪಂಪ್ ತಪ್ಪುವುದರಿಂದ ಸುಮಾರು 1.5. ಎಡಿಪಿ ಇದ್ದಾಗಿನ ವೇಗವನ್ನು ಅದು ತೀರಿದ ಮೇಲಿನ ವೇಗದಿಂದ ಭಾಗಿಸಿದರೆ ಬರುವುದು ಉಸಿರಾಟ ನಿಯಂತ್ರಣದ ಅನುಪಾತ. ಬೇಡಿಕೆ ಇಲ್ಲದಾಗ ಲೈನ್ ತನ್ನನ್ನು ತಾನು ಎಷ್ಟು ಚೆನ್ನಾಗಿ ತಡೆದುಕೊಳ್ಳುತ್ತದೆ ಎಂಬುದರ ಅಳತೆ ಅದು.

ಆ ಮಹಿಳೆಯ ಮೈಟೊಕಾಂಡ್ರಿಯ ಎಡಿಪಿ ಇಲ್ಲದೆಯೂ ಗರಿಷ್ಠಕ್ಕೆ ಹತ್ತಿರದ ವೇಗದಲ್ಲಿ ಉಸಿರಾಡುತ್ತಿತ್ತು. ಎಡಿಪಿ ಹಾಕಿದಾಗ ಹೆಚ್ಚೇನೂ ಏರಲಿಲ್ಲ, ಅಂದರೆ ಅನುಪಾತ ಒಂದರ ಹತ್ತಿರ. ಎಟಿಪಿ ತಯಾರಿ ಪೂರ್ತಿ ನಿಂತಿರಲಿಲ್ಲ. ಎಲೆಕ್ಟ್ರಾನ್ ಹರಿವಿಗೂ ಟರ್ಬೈನಿಗೂ ಇರುವ ಬಂಧ ಸಡಿಲವಾಗಿತ್ತು. ಉಂಡ ಅನ್ನದ ಶಕ್ತಿ ಶಾಖವಾಗಿ ಸೋರುತ್ತಿದ್ದುದೇ ಆ ಬೆವರಿಗೂ ಹಸಿವಿಗೂ ಕಾರಣ. ಇಂಥ ದೋಷವನ್ನು ರಾಶಿ ನೋಡಿ ಹಿಡಿಯಲಾಗದು, ಏಕೆಂದರೆ ಎಲ್ಲೂ ರಾಶಿಯೇ ಬೀಳುವುದಿಲ್ಲ.

ಮಾತ್ರೆಯಿಂದಲೂ ಇದೇ ಸ್ಥಿತಿ ಬರಿಸಬಹುದು. ಡೈನೈಟ್ರೋಫಿನಾಲ್ ಅನ್ನು 1930ರ ದಶಕದಲ್ಲಿ ಅಮೆರಿಕದಲ್ಲಿ ತೂಕ ಇಳಿಸಲು ಮಾರುತ್ತಿದ್ದರು. ದೇಹದ ಉಷ್ಣತೆ ಮಿತಿಮೀರಿ ಜನ ಸತ್ತ ಮೇಲೆ 1938ರಲ್ಲಿ ಅದು ನಿಂತಿತು. ಹಸುಗೂಸಿನ ಬೆನ್ನಿನ ಕಂದು ಕೊಬ್ಬಿನಲ್ಲಿ ಮಾತ್ರ ಈ ಸಡಿಲಿಕೆ ದೋಷವಲ್ಲ. ಅಲ್ಲಿ ಯುಸಿಪಿ 1 ಎಂಬ ಪ್ರೋಟೀನ್ ಪ್ರೋಟಾನ್‌ಗೆ ಬೇಕೆಂದೇ ದಾರಿ ಬಿಟ್ಟು ಮಗುವಿನ ಮೈ ಬೆಚ್ಚಗಿಡುತ್ತದೆ.

ಬೆಂಚಿನಲ್ಲಿ ಕಡಿಮೆ ನಿಯಂತ್ರಣ ಅನುಪಾತ ಕಂಡಾಗ ನಾನು ಮೊದಲು ಕೇಳುವುದು ಸ್ಯಾಂಪಲ್ ತಾಜಾವೇ ಎಂದು. ಫ್ರೀಜರಿನಲ್ಲಿ ಹೆಪ್ಪುಗಟ್ಟಿಸಿ ಕರಗಿಸಿದ ಮೈಟೊಕಾಂಡ್ರಿಯದ ಪೊರೆ ಒಡೆದಿರುತ್ತದೆ, ಅದು ಯಾರದೇ ಆಗಲಿ ಲುಫ್ಟ್ ಅವರ ರೋಗಿಯದಂತೆ ಕಾಣುತ್ತದೆ. ಹೊರಪೊರೆ ಗಟ್ಟಿಯಿದೆಯೇ ಎಂದು ನೋಡಲು ಹೊರಗಿನಿಂದ ಸೈಟೊಕ್ರೋಮ್ ಸಿ ಸೇರಿಸಬೇಕು. ಅದು ಇಡಿಯಾದ ಪೊರೆಯನ್ನು ದಾಟಲಾರದು. ಸೇರಿಸಿದ ಮೇಲೆ ವೇಗ ಗಣನೀಯವಾಗಿ ಏರಿದರೆ ಪೊರೆ ಹರಿದು ಒಳಗಿದ್ದ ಸೈಟೊಕ್ರೋಮ್ ಸಿ ತೊಳೆದುಹೋಗಿದೆ. ಆ ತಯಾರಿಕೆಯ ಅಂಕಿಗಳನ್ನು ರೋಗಿಯ ಕಡತಕ್ಕೆ ಬರೆಯಬಾರದು. ಹೆಪ್ಪುಗಟ್ಟಿಸಿದ ಚೂರಷ್ಟೇ ಕೈಯಲ್ಲಿದ್ದರೆ ಒಂದೊಂದು ಕಾಂಪ್ಲೆಕ್ಸಿನ ಕಿಣ್ವ ಚಟುವಟಿಕೆಯನ್ನು ಬೇರೆಬೇರೆಯಾಗಿ ಅಳೆಯಬಹುದು, ಪಂಪಿಗೂ ಟರ್ಬೈನಿಗೂ ಇರುವ ಬಂಧವನ್ನು ಮಾತ್ರ ಅದರಲ್ಲಿ ಪರೀಕ್ಷಿಸಲಾಗದು.